ಫೋಟೋದಾಗಿನ ಬೆತ್ತದ ಕುರ್ಚಿ: ಹೆಸರು ಹುಡುಕ್ರಿ, ಕೊಳ್ಳೋವಾಗ ಹೆಸರು ಮರೀರಿ

ಪ್ರಶ್ನೆ: ಸರ್, ನಮ್ದು ರಾಯಚೂರು. ಹೊಸ ಮನ್ಯಾಗ ಡೈನಿಂಗ್ ಟೇಬಲ್ ಅದ, ಕುರ್ಚಿ ಇನ್ನೂ ತಗೊಂಡಿಲ್ಲ. ಇನ್‌ಸ್ಟಾಗ್ರಾಂನಾಗ ಒಂದು ಫೋಟೋ ನೋಡಿ ಮನಸಿಗೆ ಬಂದದ. ಕಟಗಿ ಕುರ್ಚಿ, ಕೂಡೋ ಜಾಗಕ್ಕೂ ಬೆನ್ನಿಗೂ ಬೆತ್ತದ ಜಾಳಿಗಿ, ಕಾಲು ತಲೆಕೆಳಗ ಮಾಡಿದ ವಿ ಥರ ಅದಾವ, ಕೈ ಇಡೋದೂ ಅದ. ಬೆಂಗಳೂರಿನ ಒಂದು ಅಂಗಡ್ಯಾಗ ಒಂದಕ್ಕ 28,500 ಅಂದ್ರು, ನಮಗ ಆರು ಬೇಕು. ಇದು ಯಾವ ಸ್ಟೈಲು, ಇಂಥದ್ದೇ ಕಮ್ಮಿ ರೇಟಿಗೆ ಸಿಗ್ತದೇನು? ಫೋಟೋ ಕಳಿಸೀನಿ.

ಉತ್ತರ: ಫೋಟೋ ನೋಡಿದೆ ಮೇಡಂ. ಅಂಗಡ್ಯಾರು ಇದಕ್ಕ ಮಿಡ್ ಸೆಂಚುರಿ, ಜಪಾಂಡಿ, ರಟ್ಟಾನ್ ಕಲೆಕ್ಷನ್ ಅಂತ ಏನೇನೋ ಹೆಸರು ಹಚ್ಚಿ ಮಾರ್ತಾರ, ಆದ್ರ ಇದರ ಖರೇ ಹೆಸರು ಚಂಡೀಗಢ ಕುರ್ಚಿ. ಸರ್ಕಾರಿ ಆಫೀಸಿನ ಗುಮಾಸ್ತರು ಕುಂತು ಫೈಲ್ ಬರೆದಂಥ ಕುರ್ಚಿ ಇದು, ಅದನ್ನೇ ಈಗ ಬಿಳೇ ಗ್ವಾಡಿ ಮುಂದ ಇಟ್ಟು ಫೋಟೋ ತಗದು 28,500 ಅಂತಾರ.

ಹೆಸರು ಯಾಕ ಬಂತು ಅಂದ್ರ, ದೇಶ ಇಬ್ಭಾಗ ಆದಾಗ ಲಾಹೋರ್ ಆ ಕಡೆ ಹೋತು, ಈ ಕಡೆ ಪಂಜಾಬಿಗೆ ಹೊಸ ರಾಜಧಾನಿ ಬೇಕಾತು, ಅದೇ ಚಂಡೀಗಢ. ಆ ಊರಿನ ಪ್ಲಾನ್ ಮಾಡಾಕ 1951ರಾಗ ಲೆ ಕಾರ್ಬುಸಿಯೆ ಅನ್ನೋ ಆರ್ಕಿಟೆಕ್ಟ್‌ನ ಕರಸಿದ್ರು, ಅವರ ಜೋಡಿ ಅವರ ಕಸಿನ್ ಪಿಯರ್ ಜೆನರೆ ಬಂದ್ರು. ಕಾರ್ಬುಸಿಯೆ ಬಂದು ಹೋಗಿ ಮಾಡ್ತಿದ್ರು, ಜೆನರೆ ಮಾತ್ರ 1965ರ ತನಕ ಅಲ್ಲೇ ಉಳಿದ್ರು. ಕಟ್ಟಡ ಎದ್ದಮ್ಯಾಗ ಒಳಗ ಕುಂದ್ರಾಕ ಸಾವಿರಗಟ್ಲೆ ಕುರ್ಚಿ ಮೇಜು ಬೇಕಲ್ರಿ, ಅವನ್ನ ಜೆನರೆ ಮತ್ತ ಅವರ ಟೀಮಿನ ಇಂಡಿಯನ್ ಆರ್ಕಿಟೆಕ್ಟುಗಳು, ಅದ್ರಾಗ ಯೂಲಿ ಚೌಧರಿ ಅನ್ನೋ ಹೆಣಮಗಳೂ ಇದ್ರು, ಕುಂತು ಡಿಸೈನ್ ಮಾಡಿದ್ರು. ಹೆಚ್ಚಾಗಿ ಸಾಗವಾನಿ, ಮ್ಯಾಲೆ ಬೆತ್ತ, ಅಲ್ಲಿನ ಬಡಿಗೇರೇ ಮಾಡಿದ್ದು. ಒಂದೇ ಫ್ಯಾಕ್ಟರಿಯಾಗ ಆಗಿದ್ದಲ್ಲ, ಹಿಂಗಾಗಿ ಅಸಲಿ ಕುರ್ಚಿಗಳಾಗೇ ಒಂದಕ್ಕೊಂದು ಅರ್ಧ ಇಂಚು ಒಂದಿಂಚು ಫರಕ್ ಐತಿ. ಇದನ್ನ ನೆನಪಿಟ್ಟುಕೋರಿ, ಯಾರರ ನಿಮಗ ಎಕ್ಸಾಕ್ಟ್ ಕಾಪಿ ಅಂತ ಹೇಳಿ ರೊಕ್ಕ ಜಾಸ್ತಿ ಕೇಳಿದ್ರ ಅದಕ್ಕ ಅರ್ಥ ಇಲ್ಲ, ಯಾವುದರ ಎಕ್ಸಾಕ್ಟ್ ಅಂತ ಕೇಳ್ರಿ ಅವರ್ನ.

ಆಮ್ಯಾಲೆ ಆಫೀಸಿನಾಗ ಸ್ಟೀಲು, ಪ್ಲಾಸ್ಟಿಕ್ ಕುರ್ಚಿ ಬಂದ್ವು, ಇವು ಮಾಳಗಿ ಮ್ಯಾಲೆ ರಾಶಿ ಬಿದ್ವು, ಗುಜರಿ ರೇಟಿಗೆ ಹರಾಜಾದ್ವು. ಅವನ್ನ ಕೊಂಡ ಪರದೇಶದ ಡೀಲರುಗಳು ರಿಪೇರಿ ಮಾಡಿ ಅಲ್ಲಿ ಲಕ್ಷಗಟ್ಲೆಗೆ ಮಾರಿದ್ರು. 2011ರಾಗ ಕೇಂದ್ರದ ಗೃಹ ಇಲಾಖೆ ಇವನ್ನ ಹೊರಗ ಸಾಗಸಬ್ಯಾಡ್ರಿ ಅಂತ ಆರ್ಡರ್ ಹೊಂಡಿಸಬೇಕಾತು. ನಿಮ್ಮ 28,500 ಅನ್ನೋದು ಕಟಗಿ ರೇಟಲ್ಲ ಮೇಡಂ, ಈ ಕಥಿಯ ರೇಟು.

ಫೋಟೋದಾಗ ನಾನು ಏನು ನೋಡಿದೆ ಅಂತ ಹೇಳ್ತೀನಿ, ಮುಂದ ನೀವು ಬ್ಯಾರೆ ಫೋಟೋ ನೋಡೋವಾಗ ಬೇಕಾಗ್ತೈತಿ. ಎಲ್ಲಾರೂ ಮೊದಲ ಬೆತ್ತ ನೋಡ್ತಾರ, ಅದು ತಪ್ಪು. ಬೆತ್ತ ನೂರು ನಮೂನಿ ಕುರ್ಚಿಗೆ ಇರ್ತೈತಿ. ಕಾಲು ನೋಡ್ರಿ. ಪಕ್ಕದಿಂದ ನೋಡಿದ್ರ ಮುಂದಿನ ಕಾಲು ಹಿಂದಿನ ಕಾಲು ಎರಡೂ ಮ್ಯಾಲೆ ಕೈ ಇಡೋ ಪಟ್ಟಿ ಕೆಳಗ ಬಂದು ಕೂಡ್ತಾವ, ನಮ್ಮ ಕಂಪಾಸ್ ಬಾಕ್ಸಿನ ಕೈವಾರ ಅಗಲಿಸಿ ನಿಲ್ಲಿಸಿದಂಗ. ಕಾಲಿನ ಕಟಗಿ ದುಂಡಗಿಲ್ಲ, ಚಪ್ಪಟಿ ಐತಿ, ಒಂದು ಕಡೆ ಅಗಲ ಐತಿ, ತುದಿಗೆ ಹೋಗ್ತಾ ಸಣ್ಣ ಆಗ್ತೈತಿ. ಎರಡನೇದು, ಬೆನ್ನಿನ ಚೌಕಟ್ಟು ಕೂಡೋ ಚೌಕಟ್ಟಿಗೆ ಹತ್ತಿಲ್ಲ, ನಡುವ ಖಾಲಿ ಜಾಗ ಐತಿ, ಬೆನ್ನು ಗಾಳ್ಯಾಗ ತೇಲಿದಂಗ ಕಾಣ್ತೈತಿ. ಇವೆರಡೂ ಇದ್ರ ಚಂಡೀಗಢದ ಮನೆತನದ್ದು ಅಂತ ಧೈರ್ಯವಾಗಿ ಹೇಳಬಹುದು. ಕಾಲು ದುಂಡಗ ಇದ್ದು ಕೆಳಗ ಪೆನ್ಸಿಲ್ ಥರ ಚೂಪಾಗಿದ್ರ ಅದು ಡ್ಯಾನಿಶ್ ಕಡೀದು. ಬೆತ್ತ ಐತಿ ಆದ್ರ ಕಾಲಿನ ಬದಲು ಬಗ್ಗಿಸಿದ ಸ್ಟೀಲ್ ಪೈಪು, ಹಿಂದಿನ ಕಾಲೇ ಇಲ್ಲ ಅಂದ್ರ ಅದು ಮಾರ್ಸೆಲ್ ಬ್ರೂಯರ್ 1928ರಾಗ ಮಾಡಿದ ಡಿಸೈನಿನ ಮಂದಿ. ಕೈ ಪಟ್ಟಿ ಮಾರುದ್ದ ಇದ್ದು ಅದರ ಮ್ಯಾಲೆ ಕಾಲು ಚಾಚಾಕ ಬಂದ್ರ ಪ್ಲಾಂಟರ್ಸ್ ಚೇರು, ನಮ್ಮಲ್ಲಿ ಹಳೇ ಐಬಿ ವರಾಂಡಾದಾಗ ಇರ್ತಿದ್ವಲ್ಲ ಅವು.

ಇನ್ನ ಹುಡುಕೋದು. ನೀವು ಕಳಿಸಿದ ಫೋಟೋದಾಗ ಗಿಡ, ಲೈಟು, ಕಾರ್ಪೆಟ್ಟು ಎಲ್ಲಾ ಐತಿ, ಹಂಗಾ ಪೂರ್ತಿ Google Lens ಒಳಗ ಹಾಕಿದ್ರ ಅದು ಇಡೀ ರೂಮಿನಂಥ ರೂಮು ತೋರಿಸ್ತೈತಿ. ಎರಡು ಸಲ ಕತ್ತರಿಸ್ರಿ: ಒಂದ್ಸಲ ಬರೇ ಕುರ್ಚಿ, ಇನ್ನೊಂದ್ಸಲ ಬರೇ ಕಾಲು ಮತ್ತ ಕೈ ಪಟ್ಟಿ. ಎರಡನೇದ್ರಿಂದ ಹೆಸರು ಸಿಗ್ತೈತಿ. ಹೆಸರು ಸಿಕ್ಕಮ್ಯಾಗ ಅದರಿಂದ ಅಳತಿ, ಪಕ್ಕದ ಫೋಟೋ, ಕೆಳಗಿನ ಫೋಟೋ ಎಲ್ಲಾ ಇಳಿಸಿಕೋರಿ, ಹರಾಜಿನ ಕಂಪನಿಗಳ ಸೈಟಿನಾಗ ಅಸಲಿ ಕುರ್ಚಿಗಳ ಅಳತಿ ಸೆಂಟಿಮೀಟರಿನಾಗ ಹಾಕಿರ್ತಾರ, ಪುಕ್ಕಟ. ಅಷ್ಟಾದಮ್ಯಾಗ ಹೆಸರು ಮರೀರಿ. ಕೊಳ್ಳಾಕ ಹುಡುಕೋವಾಗ Chandigarh chair, Jeanneret ಅಂತ ಟೈಪ್ ಮಾಡಿದ್ರ ಆ ಹೆಸರು ಗೊತ್ತಿರೋ ಅಂಗಡಿಗಳೇ ಬರ್ತಾವ, ಅವರು ಹೆಸರಿಗೂ ರೊಕ್ಕ ಹಾಕಿರ್ತಾರ. ಅದರ ಬದಲು teak cane arm chair, V leg cane chair, old office cane chair ಅಂತ ಹಾಕ್ರಿ. ಮಾಡೋನಿಗೆ ತಾನು ಮಾಡಿದ್ದರ ಹೆಸರು ಗೊತ್ತಿಲ್ಲಾಂದ್ರ ಅಲ್ಲೇ ರೇಟು ಕಮ್ಮಿ ಇರ್ತೈತಿ.

ಒಂದೇ ಫೋಟೋ ನಾಕು ಅಂಗಡ್ಯಾಗ ನಾಕು ರೇಟಿಗೆ ಕಂಡ್ರ ಅಲ್ಲಿ ನಿಂದ್ರಬ್ಯಾಡ್ರಿ. ಯಾರೋ ತಗದ ಫೋಟೋ ಎಲ್ಲಾರೂ ಕದ್ದಿರ್ತಾರ, ಬರೋ ಕುರ್ಚಿ ಬ್ಯಾರೆನೇ ಇರ್ತೈತಿ. ರಿವ್ಯೂದಾಗ ಕೊಂಡವರು ತಮ್ಮ ಮನ್ಯಾಗ ತಗದ ಫೋಟೋ ಇದ್ರ ಅದನ್ನಷ್ಟೇ ನಂಬ್ರಿ. ಮತ್ತ ಟೀಕ್ ಫಿನಿಶ್ ಅಂತ ಬರದಿದ್ರ ಅದು ಬಣ್ಣದ ಹೆಸರು, ಕಟಗಿ ಹೆಸರಲ್ಲ, ಒಳಗ ರಬ್ಬರ್ ವುಡ್ ಇರಬಹುದು, ಮಾವು ಇರಬಹುದು.

ಆರ್ಡರ್ ಮಾಡೋಕಿಂತ ಮೊದಲು ನಿಮ್ಮ ಟೇಬಲ್ ಅಳೀರಿ, ಇದನ್ನ ನಾನು ಗಟ್ಟಿಯಾಗಿ ಹೇಳ್ತೀನಿ ಯಾಕಂದ್ರ ಇಲ್ಲೇ ಮಂದಿ ಬೀಳೋದು. ಇದು ಮೂಲದಾಗ ಆಫೀಸ್ ಕುರ್ಚಿ, ಕೈ ಇರೋದು, ಡೈನಿಂಗ್ ಟೇಬಲ್ ಕೆಳಗ ಒಳಗ ಹೋಗ್ಬೇಕಂದ್ರ ಕೈ ಪಟ್ಟಿ ಟೇಬಲ್ಲಿನ ಕೆಳಗಿನ ಪಟ್ಟಿಗಿಂತ ತಳಗಿರಬೇಕು. ಸಾಮಾನ್ಯ ಟೇಬಲ್ ನೆಲದಿಂದ 30 ಇಂಚು ಇರ್ತೈತಿ, ಮ್ಯಾಲಿನ ಹಲಗಿ ಅಥವಾ ಗ್ರಾನೈಟು, ಅದರ ಕೆಳಗಿನ ಚೌಕಟ್ಟು ಕೂಡಿ 4 ಇಂಚು ತಿಂತು ಅಂದ್ರ ನಿಮಗ ಸಿಗೋದು 26. ಈಗ ಕುರ್ಚಿ ಕೈ ಎಷ್ಟು ಎತ್ತರ ಐತಿ ಅಂತ ಫೋಟೋದಿಂದನೇ ಲೆಕ್ಕ ಹಾಕಬಹುದು. ಪಕ್ಕದಿಂದ ನೆಟ್ಟಗ ತಗದ ಫೋಟೋ ಹುಡುಕ್ರಿ, ಮ್ಯಾಲಿಂದ ಓರೆಯಾಗಿ ತಗದದ್ದು ಬ್ಯಾಡ, ಅದ್ರಾಗ ಅಳತಿ ಸುಳ್ಳು ಹೇಳ್ತೈತಿ. ಅದನ್ನ ಪ್ರಿಂಟ್ ಹಾಕಿ ಸ್ಕೇಲ್ ಇಡ್ರಿ. ಕೂಡೋ ಎತ್ತರ ಯಾವ ಕುರ್ಚಿಗಾದ್ರೂ ಹೆಚ್ಚುಕಮ್ಮಿ 17ರಿಂದ 18 ಇಂಚು, ಅದೇ ನಮ್ಮ ಗಜಕಡ್ಡಿ. ನಿಮ್ಮ ಫೋಟೋದ ಜೋಡಿ ಇದ್ದ ಪಕ್ಕದ ಫೋಟೋ ನಾನು ಪ್ರಿಂಟ್ ಹಾಕಿ ನೋಡಿದೆ, ನೆಲದಿಂದ ಕೂಡೋ ಜಾಗ 6 ಸೆಂಟಿಮೀಟರ್ ಬಂತು, ಕೈ ಪಟ್ಟಿ 8.8 ಬಂತು. 6ಕ್ಕ 18 ಇಂಚು ಅಂದ್ರ 8.8ಕ್ಕ 26.4 ಇಂಚು. 26ರ ಟೇಬಲ್ಲಿಗೆ ಅದು ಹೋಗಂಗಿಲ್ಲ, ಕೈ ಹೊರಗೇ ನಿಂತು ಆರು ಕುರ್ಚಿ ಇಡೀ ಹಾಲ್ ತುಂಬ್ತಾವ. 17 ಇಂಚು ಅಂತ ಹಿಡಿದ್ರ ಸುಮಾರು 25 ಬರ್ತೈತಿ, ಹೋಗ್ತೈತಿ. ಅಂದ್ರ ಫೋಟೋ ಲೆಕ್ಕದಾಗ ಒಂದಿಂಚಿನ ಆಚೀಚಿ ಇದ್ದೇ ಇರ್ತೈತಿ, ಅಂಗಡ್ಯಾರ ಕಡೆ ಕೈ ಎತ್ತರ ಎಷ್ಟು ಅಂತ ಬರದು ಕೇಳಿ ತಗೋರಿ. ಇಲ್ಲಾಂದ್ರ ಎರಡು ಕೈ ಇರೋದು ಟೇಬಲ್ಲಿನ ಎರಡು ತುದಿಗೆ, ನಾಕು ಕೈ ಇಲ್ಲದ್ದು ಬದಿಗೆ ಅಂತ ಮಾಡ್ರಿ, ನೋಡಾಕೂ ಚಂದ.

ಈಗ ಕಮ್ಮಿಗೆ ಎಲ್ಲಿ ಅನ್ನೋದು. ಹಳೇ ಆಫೀಸ್ ಕುರ್ಚಿ ಒಂದು ದಾರಿ. ನಮ್ಮ ಬಳ್ಳಾರಿ ಗುಜರಿ ಅಂಗಡಿಗಳಾಗ, ಹಳೇ ಶಾಲಿ ಆಫೀಸ್ ಸಾಮಾನಿನ ಹರಾಜಿನ್ಯಾಗ ಬೆತ್ತದ ಸಾಗವಾನಿ ಕುರ್ಚಿ ಈಗಲೂ ಒಂದೊಂದು ಬರ್ತಾವ. ಕಾಲು ನೆಟ್ಟಗಿರ್ತಾವ, ವಿ ಇರಂಗಿಲ್ಲ, ಆದ್ರ ಕಟಗಿ ಭಾರಿ, ಅದರ ಜೋಡಣೆ ಇನ್ನೊಂದು ಐವತ್ತು ವರ್ಷ ಅಲುಗಾಡಂಗಿಲ್ಲ. ಹಿಂದಕ್ಕ ಇವುಗಳ ಬೆತ್ತ ಹೆಣಿಯೋ ಕೆಲಸ ಎಷ್ಟೋ ಕಡೆ ಕಣ್ಣು ಕಾಣದವರು ಮಾಡ್ತಿದ್ರು, ಬೆರಳಿನ ಲೆಕ್ಕದಾಗೇ ತೂತು ಎಣಿಸಿ, ನಾನು ಸಣ್ಣವಿದ್ದಾಗ ಕುಂತು ನೋಡೀನಿ. ನಿಮಗ ಆ ವಿ ಕಾಲೇ ಬೇಕು ಅನ್ನೋ ಹಟ ಇಲ್ಲಾಂದ್ರ ಇದಕ್ಕಿಂತ ಸೋವಿ ದಾರಿ ಇಲ್ಲ. ತೊಂದ್ರಿ ಒಂದೇ, ಆರೂ ಒಂದೇ ಥರದ್ದು ಸಿಗೋದು ಕಷ್ಟ.

ಆ ಕಾಲೇ ಬೇಕಂದ್ರ ಬಡಿಗೇರ ಕಡೆ ಮಾಡಿಸ್ರಿ. ಡಿಸೈನ್ ಕಾಪಿ ಮಾಡಿದ್ರ ತಪ್ಪಾಗ್ತೈತೇನು ಅಂತ ಒಬ್ರು ಕೇಳಿದ್ರು, ನಮ್ಮ ದೇಶದಾಗ ರಿಜಿಸ್ಟರ್ ಮಾಡಿದ ಡಿಸೈನಿಗೂ ರಕ್ಷಣೆ 10 ವರ್ಷ, ರಿನ್ಯೂ ಮಾಡಿದ್ರ ಮತ್ತ 5, ಅಷ್ಟೇ. ಇದು ಅರವತ್ತು ಎಪ್ಪತ್ತು ವರ್ಷದ ಹಳೇದು. ಅಸಲಿ ಅಂತ ಹೇಳಿ ಮಾರಿದ್ರ ಅದು ಮೋಸ, ಮಾಡಿಸಿಕೊಂಡು ಮನ್ಯಾಗ ಕುಂತ್ರ ಯಾರ ತಕರಾರೂ ಇಲ್ಲ. ಮತ್ತ ಕಿನ್ನಾಳದವರು ಕಟಗಿ ಕೆಲಸಕ್ಕ ಹೆಸರಾದವರಲ್ಲ, ಅವರ ಕಡೆ ಮಾಡಿಸಬಹುದೇನು ಅಂತನೂ ಕೇಳ್ತಾರ, ಇಲ್ರಿ, ಅವರದು ಹಗುರ ಕಟಗಿಯ ಗೊಂಬಿ, ಮೂರ್ತಿ, ಬಣ್ಣದ ಕೆಲಸ, ಆ ಕೈಯೇ ಬ್ಯಾರೆ.

ಹಿಂದಿನ ವರ್ಷ ಹೊಸಪೇಟಿಯ ಒಬ್ರಿಗೆ ಇದೇ ಕುರ್ಚಿ ನಾಕು ಮಾಡಿಸಿಕೊಟ್ಟೆ, ಲೆಕ್ಕ ನನ್ನ ಡೈರ್ಯಾಗ ಐತಿ. ಹೊಸ ಸಾಗವಾನಿ ತರ್ಲಿಲ್ಲ. ಅವರ ಓಣ್ಯಾಗೇ ಒಂದು ಹಳೇ ಮನಿ ಕೆಡವಿದ್ರು, ಬಾಗಿಲ ಚೌಕಟ್ಟು ಎರಡು, ಒಂದು ತೊಲಿ ಕೊಂಡ್ವಿ. ಹಳೇ ಕಟಗಿ ಯಾಕಂದ್ರ ಅದು ಎಷ್ಟು ಒಣಗಬೇಕೋ ಅಷ್ಟು ಒಣಗಿರ್ತೈತಿ. ನಮ್ಮ ಕಡೆ ಬ್ಯಾಸಿಗ್ಯಾಗ 40 ದಾಟೋ ಬಿಸಲು, ಗಾಳ್ಯಾಗ ಪಸಿ ಅನ್ನೋದೇ ಇಲ್ಲ, ಹಸಿ ಕಟಗೀಲೆ ಮಾಡಿದ ಕುರ್ಚಿ ಏಪ್ರಿಲ್‌ನಾಗ ಸುಕ್ಕಿ ಜೋಡಣೆ ಬಿಡ್ತೈತಿ, ಆ ವಿ ಕೂಡೋ ಜಾಗದಾಗೇ ಮೊದಲ ಬಿಡೋದು ಯಾಕಂದ್ರ ಕುಂತವರ ಭಾರ ಎರಡು ಕಾಲನ್ನ ಅಗಲಿಸಾಕ ನೋಡ್ತಿರ್ತೈತಿ. ಹಳೇ ಕಟಗ್ಯಾಗ ಇರೋ ಒಂದೇ ತ್ರಾಸು ಅಂದ್ರ ಒಳಗ ಮುರಿದ ಮಳಿ, ಮಷಿನ್‌ಗೆ ಕೊಡೋಕಿಂತ ಮೊದಲು ಆಯಸ್ಕಾಂತ ಆಡಿಸಿ ನೋಡಿದ್ವಿ, ಹನ್ನೊಂದು ಮಳಿ ಸಿಕ್ವು.

ಒಂದು ಕುರ್ಚಿಗೆ ವೇಸ್ಟ್ ಹಿಡಿದು ಮುಕ್ಕಾಲು ಘನಅಡಿ ಮ್ಯಾಲೆ ಸ್ವಲ್ಪ ಕಟಗಿ ಬಿತ್ತು, ಹಳೇದ್ದರ ರೇಟಿನ್ಯಾಗ ಅದು 1,700. ಬಡಿಗೇರಿಗೆ ಒಂದಕ್ಕ ಎರಡು ದಿನದ ಕೂಲಿ, 2,400. ಬೆತ್ತದ ಜಾಳಿಗಿ 800, ಪಾಲಿಶ್ ಮತ್ತ ಚಿಲ್ಲರೆ 700. ಒಟ್ಟು ಒಂದಕ್ಕ 5,600. ಊರಿಂದೂರಿಗೆ, ಕಟಗಿಯಿಂದ ಕಟಗಿಗೆ ಇದು ಏರಿಳಿತೈತಿ, ಹೊಸ ಒಳ್ಳೇ ಸಾಗವಾನಿ ಹಿಡಿದ್ರ 7,500 ಸನೇಕ ಹೋಗಬಹುದು. ಆಗಲೂ ಆರಕ್ಕ 45,000, ನಿಮ್ಮ ಬೆಂಗಳೂರಿನ ಅಂಗಡ್ಯಾಗ ಒಂದೂವರಿ ಕುರ್ಚಿ ರೇಟಿನ ಸುತ್ತಮುತ್ತ.

ಬಡಿಗೇರಿಗೆ ಫೋಟೋ ತೋರಿಸಿ ಇಂಥದ್ದು ಬೇಕು ಅಂದ್ರ ಅವರು ಹೂಂ ಅಂತಾರ, ಅವರಿಗೆ ಗೊತ್ತಿರೋ ಕುರ್ಚಿ ಮಾಡಿಡ್ತಾರ. ನಾನು ಪಕ್ಕದ ನೋಟನ್ನ ದೊಡ್ಡ ರಟ್ಟಿನ ಮ್ಯಾಲೆ ಪೂರ್ತಿ ಸೈಜಿಗೆ ಬರದು, ಕಾಲು ಕತ್ತರಿಸಿ ಕೊಡ್ತೀನಿ, ಆ ರಟ್ಟು ಕಟಗಿ ಮ್ಯಾಲಿಟ್ಟು ಗೆರಿ ಹೊಡದು ಕೊಯ್ಯೋದು, ಆವಾಗ ನಾಕೂ ಒಂದೇ ಕೋನಕ್ಕ ಬರ್ತಾವ. ವಿ ಕೂಡೋ ಕಡೆ ಬರೇ ಸ್ಕ್ರೂ ಹೊಡಿಬ್ಯಾಡ್ರಿ, ಒಂದು ಕಟಗಿಯ ನಾಲಿಗಿ ಇನ್ನೊಂದರ ತೂತಿನ್ಯಾಗ ಕುಂದ್ರಬೇಕು, ಫೆವಿಕಾಲ್ ಹಚ್ಚಿ ಒಂದು ರಾತ್ರಿ ಕ್ಲಾಂಪ್ ಹಾಕಿ ಬಿಡಬೇಕು. ರೆಡಿ ಕುರ್ಚಿ ಕೊಳ್ಳೋರೂ ಇದನ್ನೇ ನೋಡ್ರಿ, ಉಲ್ಟಾ ಮಾಡಿದ ಫೋಟೋ ಕಳಿಸ್ರಿ ಅಂತ ಕೇಳ್ರಿ, ಅಲ್ಲಿ ಸ್ಕ್ರೂ ತಲಿಗೆ ಪುಟ್ಟಿ ಬಳದಿದ್ದು ಕಂಡ್ರ ಬಿಟ್ಟುಬಿಡ್ರಿ. ಅಂಗಡ್ಯಾಗೇ ಇದ್ರ ಎರಡೂ ಕೈ ಹಿಡದು ಕುರ್ಚೀನ ಎಡಕ್ಕ ಬಲಕ್ಕ ತಿರುವ್ರಿ, ಕಿರ್ ಅಂದ್ರ ಇನ್ನೊಂದು ವರ್ಷದ್ದು ಅದರ ಆಯುಷ್ಯ.

ಬೆತ್ತದ ವಿಷಯದಾಗ ನಾನೇ ಎಡವಿದ್ದೆ, ಆ ಹೊಸಪೇಟಿ ಕುರ್ಚಿದಾಗೇ. ಬೆತ್ತ ಎರಡು ಥರ ಕೂಡಿಸ್ತಾರ. ಚೌಕಟ್ಟಿನ ಸುತ್ತ ಸಾಲಾಗಿ ತೂತು ಕೊರದು ಒಂದೊಂದೇ ಎಳಿ ಹೆಣಿಯೋದು ಒಂದು, ಅಸಲಿ ಹಳೇವು ಹಂಗಿರ್ತಾವ, ಫೋಟೋ ಜೂಮ್ ಮಾಡಿದ್ರ ತೂತಿನ ಸಾಲು ಕಾಣ್ತೈತಿ. ಮಷಿನ್‌ನಾಗ ಹೆಣದ ಜಾಳಿಗಿ ರೋಲ್ ತಂದು, ಚೌಕಟ್ಟಿಗೆ ಕಾಲುವಿ ಥರ ಸಂದು ಕೊರದು, ಜಾಳಿಗಿ ಒಳಗ ತುರುಕಿ ಮ್ಯಾಲೆ ಬೆತ್ತದ ಕಡ್ಡಿ ಬಡಿಯೋದು ಇನ್ನೊಂದು. ಕೈಲೆ ಹೆಣಿಯೋರು ಈಗ ಸಿಗೋದು ಕಷ್ಟ, ಹಿಂಗಾಗಿ ರೋಲ್ ತರಿಸಿದ್ವಿ. ಅದನ್ನ ಬಡಿಯೋಕಿಂತ ಮೊದಲು ಉಗುರು ಬೆಚ್ಚನ ನೀರಿನ್ಯಾಗ ಅರ್ಧ ಮುಕ್ಕಾಲು ತಾಸು ನೆನಸಬೇಕು, ಹಸಿ ಇದ್ದಾಗ ಕೂಡಿಸಿದ್ರ ಒಣಗಿದಮ್ಯಾಗ ಡೊಳ್ಳಿನ ಚರ್ಮದಂಗ ಬಿಗೀತೈತಿ. ಅವತ್ತು ನಾನು ಊರಾಗ ಇರ್ಲಿಲ್ಲ, ಹುಡುಗ್ರು ಒಣಾ ಜಾಳಿಗೀನೇ ಬಡದ್ರು. ಒಂದು ತಿಂಗಳಿಗೆ ಎರಡು ಕುರ್ಚಿ ಜೋಲಾಡಾಕ ಹತ್ತಿದ್ವು, ಒಂದರ ಮೂಲಿ ಸೀಳೇಬಿಡ್ತು. ಎರಡೂ ಕಿತ್ತು ಹೊಸಾದು ಹಾಕಿದ್ವಿ, ಆ ಖರ್ಚು ನನ್ನ ಕಿಸೆಯಿಂದ.

ಆನ್‌ಲೈನಿನ್ಯಾಗ ಕೆಲವು ಪ್ಲಾಸ್ಟಿಕ್ ಜಾಳಿಗಿ ಹಾಕಿ ಬೆತ್ತ ಅಂತಾರ, ಅದು ಗೊತ್ತಾಗೋದು ಬಣ್ಣದಾಗ, ಎಲ್ಲಾ ಎಳಿ ಒಂದೇ ಬಣ್ಣ ಒಂದೇ ಹೊಳಪು ಇದ್ರ ಪ್ಲಾಸ್ಟಿಕ್ಕು. ಖರೇ ಬೆತ್ತದಾಗ ಒಂದೆಳಿ ಹಳದಿ ಒಂದೆಳಿ ತುಸು ಕಂದು ಇರ್ತೈತಿ, ಅಲ್ಲಲ್ಲಿ ಗಿಣ್ಣಿನ ಗುರುತು ಇರ್ತೈತಿ.

ರಾಯಚೂರಿನ ಬಿಸಲಿಗೆ ಬೆತ್ತ ಒಣಗಿ ಪಟ್ ಅಂತ ಮುರಿಯೋದು ಇದ್ದದ್ದೇ, ಅದಕ್ಕ ಮಾರ್ಚ್‌ನಿಂದ ಜೂನ್ ತನಕ ಹದಿನೈದು ದಿನಕ್ಕೊಮ್ಮೆ ಕುರ್ಚಿ ಉಲ್ಟಾ ಹಾಕಿ ಕೆಳಗಿಂದ ಸ್ಪ್ರೇ ಬಾಟ್ಲಿಲೆ ನೀರು ಹೊಡೀರಿ. ಮ್ಯಾಲಿಂದ ಹೊಡದ್ರ ಉಪಯೋಗಿಲ್ಲ, ಬೆತ್ತದ ಮ್ಯಾಲಿನ ಹೊಳಪಿನ ಮಗ್ಗಲು ನೀರು ಕುಡಿಯಂಗಿಲ್ಲ, ಕೆಳಗಿನ ಒರಟು ಮಗ್ಗಲು ಕುಡಿತೈತಿ. ಇದೇ ಕಾರಣಕ್ಕ ಪಾಲಿಶ್ ಹಚ್ಚೋರಿಗೆ ಬೆತ್ತದ ಕೆಳಗ ನೀರು ಒಳಗ ಬಿಡದ ಪಿಯು ಪಾಲಿಶ್ ಹೊಡಿಬ್ಯಾಡ್ರಿ ಅಂತ ಮೊದಲೇ ಹೇಳಿಡ್ರಿ. ಮಕ್ಕಳು ಕುರ್ಚಿ ಮ್ಯಾಲೆ ನಿಂದ್ರಬಾರದು, ಒಂದು ಹಿಮ್ಮಡಿ ಸಾಕು ಜಾಳಿಗಿ ಹರಿಯಾಕ.

ಆರೂ ಒಮ್ಮೆಲೇ ಹೇಳಬ್ಯಾಡ್ರಿ ಮೇಡಂ. ಒಂದು ಮಾಡಿಸಿ ಟೇಬಲ್ಲಿಗೆ ಹಚ್ಚಿ ಒಂದು ಹದಿನೈದು ದಿನ ಮನ್ಯಾಗ ಎಲ್ಲಾರೂ ಅದ್ರಾಗೇ ಕುಂತು ಊಟ ಮಾಡ್ರಿ, ಮಾವನೋರು ಅತ್ತೆಯೋರು ಇದ್ರ ಅವರನ್ನೂ ಕುಂದ್ರಿಸ್ರಿ. ಈ ಕುರ್ಚಿ ಬೆನ್ನು ಹಿಂದಕ್ಕ ವಾಲಿರ್ತೈತಿ, ಫೈಲ್ ನೋಡಾಕ ಛಲೋ, ತಾಟಿನ ಮ್ಯಾಲೆ ಬಗ್ಗಿ ಉಣ್ಣೋರಿಗೆ ಕೆಲವೊಮ್ಮೆ ದೂರ ಅನಸ್ತೈತಿ. ಹಂಗನಿಸಿದ್ರ ಉಳಿದ ಐದಕ್ಕ ಬೆನ್ನಿನ ಓರೆ ಒಂದಿಂಚು ಕಮ್ಮಿ ಮಾಡ್ಸ್ರಿ, ರಟ್ಟು ನಿಮ್ಮ ಕಡೆನೇ ಇರ್ತೈತಲ್ಲ, ಅದ್ರಾಗ ಗೆರಿ ತಿದ್ದಿ ಕೊಟ್ರ ಸಾಕು.